ಬಿಟ್ಟುಹೋದವನು ಮತ್ತೆ ಬರುತ್ತೇನೆ ಎಂದಾಗ ಜಾತಕ ಕೇಳಬೇಕಾ?

ಪ್ರಶ್ನೆ (ಬನಶಂಕರಿಯ ಹುಡುಗಿ): 4 ವರ್ಷ ಜೊತೆಗಿದ್ದೆವು, ಹೋದ ವರ್ಷ ಬೇರೆಯಾದೆವು. ಈಗ ಅವನು ಮದುವೆಯಾಗೋಣ ಎನ್ನುತ್ತಿದ್ದಾನೆ. ಅಮ್ಮ ಕೇಳಿಸಿದ ಜೋಯಿಸರು 36ಕ್ಕೆ 27 ಗುಣ ಬಂದಿದೆ, ಒಪ್ಪಿಕೊಳ್ಳಿ ಎಂದರು. ಇನ್ನೊಬ್ಬರು ಹುಡುಗನಿಗೆ ಕುಜ ದೋಷ, ಬೇಡವೇ ಬೇಡ ಎಂದರು. ಯಾರನ್ನು ನಂಬಲಿ? ಇಂಥದ್ದನ್ನು ಅನುಭವಿಸಿದವರು ಹೇಳಿ.

ಹನುಮಂತನಗರದ ನಿವೃತ್ತ: ನಮ್ಮ ತಂದೆ ಜಾತಕ ಬರೆಯುತ್ತಿದ್ದರು, ನಾನೂ ಕಲಿತೆ. ಇಬ್ಬರ ಲೆಕ್ಕವೂ ತಪ್ಪಿಲ್ಲದಿರಬಹುದು ಮಗು, ಯಾಕೆಂದರೆ ನೋಡಿದ್ದು ಬೇರೆ ಬೇರೆ. ಗುಣ ಕೂಡಿಸುವುದಕ್ಕೆ ಇಬ್ಬರ ಜನ್ಮ ನಕ್ಷತ್ರ, ರಾಶಿ ಸಾಕು. ಚಂದ್ರ ಒಂದು ನಕ್ಷತ್ರದಲ್ಲಿ ಹೆಚ್ಚೂಕಡಿಮೆ ಒಂದು ದಿನ ಇರುತ್ತಾನೆ. ಆ ದಿನ ಹುಟ್ಟಿದ ಹುಡುಗರಲ್ಲಿ ಯಾರನ್ನು ತಂದು ನಿಲ್ಲಿಸಿದರೂ ನಿನಗೆ ಸುಮಾರಾಗಿ ಅದೇ 27 ಬರುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಒಂದಿದೆ. ನೀವು ಮೊದಲು ಭೇಟಿಯಾದಾಗಲೂ 27, ಜಗಳ ಆಡಿ ಬಿಟ್ಟಾಗಲೂ 27, ಈಗಲೂ 27. ಗುಣ ಕೂಡಿಸುವ ಪದ್ಧತಿ ಇರುವುದು ಇನ್ನೂ ಪರಿಚಯವಿಲ್ಲದ ಎರಡು ಮನೆಗಳಿಗೆ. ನೀನು ಅವನ ಜೊತೆ 4 ವರ್ಷ ಇದ್ದವಳು.

ಕುಜ ದೋಷ ಹಾಗಲ್ಲ, ಅದನ್ನು ಲಗ್ನದಿಂದ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿಯಿಂದ ಎಣಿಸುತ್ತಾರೆ. ಲಗ್ನ ಸುಮಾರು 2 ಗಂಟೆಗೊಮ್ಮೆ ಬದಲಾಗುತ್ತದೆ. ಲಗ್ನದ ಅಂಚಿನಲ್ಲಿ ಹುಟ್ಟಿದ್ದರೆ ಹತ್ತು ನಿಮಿಷದ ವ್ಯತ್ಯಾಸಕ್ಕೇ ದೋಷ ಬರುತ್ತದೆ, ಹೋಗುತ್ತದೆ. ನಮ್ಮ ಕಡೆ 2, 4, 7, 8, 12 ಈ ಮನೆಗಳಲ್ಲಿ ಕುಜ ಇದ್ದರೆ ದೋಷ. ಹನ್ನೆರಡರಲ್ಲಿ ಐದು! ಕೆಲವರು ಚಂದ್ರನಿಂದ, ಶುಕ್ರನಿಂದಲೂ ಎಣಿಸುತ್ತಾರೆ. ಆಗ ದೋಷ ಇಲ್ಲದವರೇ ಕಡಿಮೆ. ಹುಡುಗನ ಹುಟ್ಟಿದ ಹೊತ್ತು ಎಲ್ಲಿಂದ ಬಂತು, ಆಸ್ಪತ್ರೆ ಚೀಟಿಯಿಂದಲೋ, ಯಾರದೋ ನೆನಪಿನಿಂದಲೋ? ಮೊದಲು ಅದನ್ನು ಕೇಳು.

ಎಚ್‌ಎಸ್‌ಆರ್ ಲೇಔಟ್‌ನಿಂದ: ಅಂಕಲ್, ಅದೆಲ್ಲ ಹಳೇದು. ಶುಕ್ರ ವಕ್ರಿಯಾದಾಗ, ಅಂದರೆ ಹಿಂದಕ್ಕೆ ಚಲಿಸಿದಂತೆ ಕಂಡಾಗ, ಹಳೆಯ ಪ್ರೀತಿ ವಾಪಸ್ ಬರುತ್ತದೆ. 2025ರ ಮಾರ್ಚ್‌ನಲ್ಲಿ ವಕ್ರಿ ಆಯಿತು, ನನ್ನ ಎಕ್ಸ್ ಅದೇ ತಿಂಗಳು ಮೆಸೇಜ್ ಮಾಡಿದ!

ಹನುಮಂತನಗರದ ನಿವೃತ್ತ: ಶುಕ್ರ ಆಗ ವಕ್ರಿಯಾಗಿದ್ದು ನಿಜ. ಸುಮಾರು 19 ತಿಂಗಳಿಗೊಮ್ಮೆ, ಆರು ವಾರದಷ್ಟು ಕಾಲ ಹಾಗಾಗುತ್ತದೆ. ಬೇರೆ ತಿಂಗಳುಗಳಲ್ಲಿ ಅವನಿಂದ ಎಷ್ಟು ಮೆಸೇಜ್ ಬಂದಿದ್ದವು, ಅದನ್ನೂ ಎಣಿಸಿದ್ದೀಯಾಮ್ಮ?

ಎಚ್‌ಎಸ್‌ಆರ್ ಲೇಔಟ್‌ನಿಂದ: ಹ್ಮ್. ಹೊಸ ವರ್ಷಕ್ಕೆ ಒಂದು, ನನ್ನ ಹುಟ್ಟುಹಬ್ಬಕ್ಕೆ ಒಂದು. ಆದರೂ ಮಾರ್ಚ್‌ನದ್ದು ಬೇರೆ ಥರ ಇತ್ತು.

ಯಶವಂತಪುರ: ಅವನನ್ನು ವಾಪಸ್ ಕರೆಸುವುದಕ್ಕಾದರೆ ದಯವಿಟ್ಟು ಯಾರಿಗೂ ದುಡ್ಡು ಕೊಡಬೇಡಿ. ಬಸ್ ಸ್ಟಾಪ್‌ನಲ್ಲಿ ಅಂಟಿಸಿದ್ದ ಚೀಟಿ ನೋಡಿ ಒಬ್ಬರಿಗೆ ಫೋನ್ ಮಾಡಿದೆ. ಮೊದಲು 1,100. ಆಮೇಲೆ ‘ಅವಳ ಮೇಲೆ ಯಾರೋ ಏನೋ ಮಾಡಿಸಿದ್ದಾರೆ’ ಎಂದು 21,000. ಮೂರನೇ ಸಲ ಕೇಳಿದಾಗ ಎಚ್ಚರವಾಯಿತು. ಅವಳು ಬರಲಿಲ್ಲ, ಬೈಕ್ ಮಾರಿದೆ.

ಬನಶಂಕರಿಯ ಹುಡುಗಿ: ಅಯ್ಯೋ, ನಾನು ಕರೆಸುತ್ತಿಲ್ಲ ಅಣ್ಣಾ, ಅವನೇ ಬರುತ್ತಿದ್ದಾನೆ.

ಮಲ್ಲೇಶ್ವರದ ಟೀಚರ್: ನಂದು ಅಶ್ವಿನಿ, ಮೇಷ. ನಮ್ಮವರದು ಹಸ್ತ, ಕನ್ಯಾ. ಇಬ್ಬರದೂ ಆದಿ ನಾಡಿ, ಅಲ್ಲಿಗೆ 8 ಗುಣ ಹೋಯಿತು. ರಾಶಿಗಳು ಒಂದಕ್ಕೊಂದು ಆರನೆಯದು, ಎಂಟನೆಯದು, ಅಂದರೆ ಷಷ್ಠಾಷ್ಟಕ, ಇನ್ನೊಂದು 7 ಹೋಯಿತು. ಅಶ್ವಿನಿಯ ಕುದುರೆಗೂ ಹಸ್ತದ ಎಮ್ಮೆಗೂ ಆಗುವುದಿಲ್ಲವಂತೆ, ಯೋನಿಯ 4ಕ್ಕೂ ಸೊನ್ನೆ. ಕನಿಷ್ಠ ಬೇಕಾದ 18 ದಾಟಲೇ ಇಲ್ಲ. ಬಿಟ್ಟೆವು, ಒಂದೂವರೆ ವರ್ಷದ ಮೇಲೆ ಮದುವೆಯಾದೆವು. ಈಗ 16 ವರ್ಷ. ಇದರಿಂದ ಏನೂ ಸಾಬೀತಾಗುವುದಿಲ್ಲ, ಒಂದೇ ಜೋಡಿಯ ಕಥೆ.

ನನಗೆ ನೆನಪಿರುವುದು ಬೇರೆ. ಮೂರನೇ ಜೋಯಿಸರ ಹತ್ತಿರ ಹೋಗುವಾಗ, ಬಸ್ಸಿನಲ್ಲೇ, ಇವರೂ ಬೇಡ ಎಂದರೆ ರಾಜಾಜಿನಗರದಲ್ಲಿ ಇನ್ನೊಬ್ಬರಿದ್ದಾರೆ ಎಂದುಕೊಂಡೆ. ನನ್ನ ಉತ್ತರ ಆಗಲೇ ತೀರ್ಮಾನ ಆಗಿತ್ತು, ಅಲ್ವಾ? ನಿಮಗೆ 27 ಎಂದಾಗ ಖುಷಿಯಾಯಿತಾ, ಕುಜ ದೋಷ ಎಂದಾಗ ಸಮಾಧಾನವಾಯಿತಾ?

ಹನುಮಂತನಗರದ ನಿವೃತ್ತ: ಟೀಚರ್ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ಕಾಲ ನೋಡುವುದಕ್ಕೆ ದಶೆ, ಗೋಚಾರ ಇವೆ, ಅವು ಸುಳ್ಳು ಎಂದು ನನಗೆ ಅನ್ನಿಸಿಲ್ಲ. ಆದರೆ ಗುರುಬಲ ಬಂದಿದೆ ಎಂದರೆ ಆ ರಾಶಿಯವರಿಗೆಲ್ಲ ಬಂದಿರುತ್ತದೆ. ಬೆಂಗಳೂರಲ್ಲಿ ಅಂಥವರು ಲಕ್ಷಗಟ್ಟಲೆ ಇದ್ದಾರೆ. ಅವನು ಮೊದಲಿನ ತಪ್ಪು ತಿದ್ದಿಕೊಂಡನಾ ಎಂಬ ಮನೆ ಕುಂಡಲಿಯಲ್ಲಿ ಇಲ್ಲ. ಬಿಟ್ಟಿದ್ದು ಯಾಕಮ್ಮ?

ಬನಶಂಕರಿಯ ಹುಡುಗಿ: ಸಮಾಧಾನವೇ ಆಯಿತು ಟೀಚರ್, ಅದೇ ಆಶ್ಚರ್ಯ. ಅಂಕಲ್, ಹುಟ್ಟಿದ ಹೊತ್ತಿನ ಬಗ್ಗೆ ಅವನ ಅಮ್ಮನನ್ನು ಕೇಳಿದೆ. ‘ಹಾಲಿನವನು ಬಂದು ಹೋದ ಮೇಲೆ ಹುಟ್ಟಿದ’ ಎಂದರು. ಜೋಯಿಸರು 5.45 ಎಂದು ಬರೆದುಕೊಂಡಿದ್ದಾರೆ.

ಬಿಟ್ಟಿದ್ದು ಸಾಲಕ್ಕೆ. ಮೂರು ಲೋನ್ ಆ್ಯಪ್‌ಗಳಲ್ಲಿ ಸಾಲ ಮಾಡಿ ನನಗೆ ಹೇಳಿರಲಿಲ್ಲ. ತೀರಿದೆಯಾ ಎಂದು ಇನ್ನೂ ಕೇಳಿಲ್ಲ.