ವರ್ಷಾಂತ್ಯದಲ್ಲಿ ಲಾಭ ಕುಸಿದಿದೆ: ಮೊದಲಿನ ಮೆಟೀರಿಯಾಲಿಟಿಯನ್ನೇ ಉಳಿಸಿಕೊಳ್ಳಬಹುದೇ?

ಪೀಣ್ಯ_ಆರ್ಟಿಕಲ್: ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಶಾಸನಬದ್ಧ ಆಡಿಟ್ ನಡೆಯುತ್ತಿದೆ. ತೆರಿಗೆಪೂರ್ವ ಲಾಭ 12 ಕೋಟಿ ಬರಬಹುದೆಂದು ಜನವರಿಯಲ್ಲಿ ಅಂದಾಜಿಸಿ, ಅದರ ಶೇ. 5ರಂತೆ 60 ಲಕ್ಷವನ್ನು ಮೆಟೀರಿಯಾಲಿಟಿ ಎಂದೂ, ಅದರ ಮುಕ್ಕಾಲು ಪಾಲಾದ 45 ಲಕ್ಷವನ್ನು ಪರ್ಫಾರ್ಮೆನ್ಸ್ ಮೆಟೀರಿಯಾಲಿಟಿ ಎಂದೂ ನಿಗದಿಪಡಿಸಿದ್ದೆವು. ಈಗಿನ ಕರಡು ಲೆಕ್ಕದಲ್ಲಿ ಲಾಭ 7 ಕೋಟಿಯಷ್ಟೇ. ಕಂಪನಿ ತಿದ್ದಲು ಒಪ್ಪದ ತಪ್ಪುಗಳು ಒಟ್ಟು 38 ಲಕ್ಷ. ಎಲ್ಲವೂ ಲಾಭವನ್ನು ಹೆಚ್ಚಿಸಿ ತೋರಿಸುವಂಥವು. 60 ಲಕ್ಷದೊಳಗೇ ಇರುವುದರಿಂದ ಬಿಟ್ಟುಬಿಡಬಹುದೇ?

ಲೆಡ್ಜರ್_ಮೈಸೂರು: ಲಾಭ ಇಷ್ಟು ಏರಿಳಿಯುವುದಾದರೆ ವಹಿವಾಟನ್ನೇ ಆಧಾರವಾಗಿಟ್ಟುಕೊಳ್ಳಿ. 180 ಕೋಟಿ ವಹಿವಾಟಿದ್ದರೆ ಅದರ ಶೇ. ಅರ್ಧ 90 ಲಕ್ಷವಾಗುತ್ತದೆ, ಸಮಸ್ಯೆಯೇ ಉಳಿಯುವುದಿಲ್ಲ.

ಹುಬ್ಬಳ್ಳಿ_ಟ್ಯಾಕ್ಸ್: ನಮ್ಮ ಕಕ್ಷಿದಾರರೊಬ್ಬರ 3ಸಿಡಿ ನಮೂನೆಯಲ್ಲಿ ಕೆಲವೇ ಸಾವಿರದ ಮೊತ್ತಗಳನ್ನೂ ತೋರಿಸಿದ್ದೆವು. ಇದೂ ಹಾಗೆಯೇ ಅಲ್ಲವೇ?

ಹಳೆಯ_ವೌಚರ್: 3ಸಿಡಿ ತೆರಿಗೆ ಆಡಿಟ್‌ನ ಮಾತು, ಇಲ್ಲಿನ ಪ್ರಶ್ನೆ ಬೇರೆ. ಏರಿಳಿತವಿದ್ದಾಗ ವಹಿವಾಟನ್ನು ಆಧಾರವಾಗಿಸುವುದು ತಪ್ಪಲ್ಲ, ಆದರೆ ತಪ್ಪುಗಳ ಮೊತ್ತ ತಿಳಿದ ಮೇಲೆ ಆಧಾರವನ್ನು ಬದಲಿಸಿ ಮಿತಿಯನ್ನು 90 ಲಕ್ಷಕ್ಕೆ ಏರಿಸಿದರೆ ಫೈಲ್ ಪರಿಶೀಲಿಸುವವರು ಅದನ್ನು ಒಪ್ಪುವುದಿಲ್ಲ. ಉಳಿದ ತಪ್ಪುಗಳನ್ನು ತೂಗುವ ಮೊದಲು ವಾಸ್ತವಿಕ ಫಲಿತಾಂಶಕ್ಕೆ ಮೆಟೀರಿಯಾಲಿಟಿ ಇನ್ನೂ ಹೊಂದುತ್ತದೆಯೇ ಎಂದು ನೋಡಬೇಕೆಂದು ಎಸ್‌ಎ 450 ಹೇಳುತ್ತದೆ. 7 ಕೋಟಿಗೆ ಅದೇ ಶೇ. 5 ಹಾಕಿದರೆ 35 ಲಕ್ಷ. ನಿಮ್ಮ 38 ಲಕ್ಷ ಅದನ್ನು ದಾಟುತ್ತದೆ.

ಇನ್ನೊಂದು ತೊಡಕು ಈಗಾಗಲೇ ಮುಗಿಸಿದ ಕೆಲಸದಲ್ಲಿದೆ. ಪರ್ಫಾರ್ಮೆನ್ಸ್ ಮೆಟೀರಿಯಾಲಿಟಿ ಸುಮಾರು 26 ಲಕ್ಷಕ್ಕೆ ಇಳಿಯುವುದರಿಂದ, 45 ಲಕ್ಷಕ್ಕಿಂತ ಕಡಿಮೆ ಎಂದು ಪರೀಕ್ಷಿಸದೆ ಬಿಟ್ಟ ಖಾತೆಗಳನ್ನು ಮತ್ತೆ ತೆರೆಯಬೇಕು, ಸಾಲಗಾರರಿಂದ ಪಡೆದ ಬಾಕಿ ದೃಢೀಕರಣದ ಮಾದರಿ ಸಾಕೇ ಎಂದೂ ನೋಡಬೇಕು. ಅಂದಹಾಗೆ, ಲಾಭ ಕುಸಿದದ್ದು ಏಕೆ?

ಪೀಣ್ಯ_ಆರ್ಟಿಕಲ್: ಸ್ಟೋರ್ಸ್ ಮತ್ತು ಟೂಲ್ಸ್ ಖಾತೆ 33 ಲಕ್ಷದ್ದು, ಅದನ್ನು ಮುಟ್ಟಿಯೇ ಇಲ್ಲ. ಕುಸಿತದಲ್ಲಿ 1.5 ಕೋಟಿ ಸ್ವಯಂ ನಿವೃತ್ತಿ ಪರಿಹಾರದ್ದು, ಉಳಿದದ್ದು ಉಕ್ಕಿನ ಬೆಲೆ ಮತ್ತು ಕೈತಪ್ಪಿದ ಆರ್ಡರ್‌ಗಳಿಂದ ಬಂದದ್ದು.

ಲೆಡ್ಜರ್_ಮೈಸೂರು: ಹಾಗಾದರೆ ಆ 1.5 ಕೋಟಿಯನ್ನು ಕೂಡಿಸಿಕೊಂಡು 8.5 ಕೋಟಿಯ ಮೇಲೆ ಲೆಕ್ಕಹಾಕಿ. ಮಿತಿ 42.5 ಲಕ್ಷವಾಗುತ್ತದೆ, 38 ಲಕ್ಷ ಅದರೊಳಗಿದೆ.

ಹಳೆಯ_ವೌಚರ್: ನಿಜವಾಗಿಯೂ ಒಮ್ಮೆ ಮಾತ್ರ ಬರುವ ವೆಚ್ಚವಾದರೆ ಕೂಡಿಸಬಹುದು, ಉಕ್ಕಿನ ಬೆಲೆಯನ್ನು ಹಾಗೆ ಕೂಡಿಸಲಾಗದು. ಆದರೂ ನಮ್ಮ ಕಣ್ಣಿಗೆ ಬೀಳದ ತಪ್ಪುಗಳಿಗೆ ಉಳಿಯುವ ಜಾಗ ಕೇವಲ 4.5 ಲಕ್ಷ. ಆ 33 ಲಕ್ಷದ ಖಾತೆಯನ್ನೇ ನೋಡಿಲ್ಲವೆಂದ ಮೇಲೆ ನಾನಂತೂ ಸಹಿ ಹಾಕಲಾರೆ. ದೊಡ್ಡ ತಪ್ಪನ್ನಾದರೂ ತಿದ್ದಿಸಿ.

ಪೀಣ್ಯ_ಆರ್ಟಿಕಲ್: ದೊಡ್ಡದೆಂದರೆ ತಯಾರಿಕೆಯ ಹಂತದಲ್ಲಿದ್ದ ಮಾಲಿಗೆ ಹೆಚ್ಚಾಗಿ ಸೇರಿಸಿದ 27 ಲಕ್ಷದ ಓವರ್‌ಹೆಡ್. ಅದನ್ನು ತಿದ್ದುವಂತೆ ಮತ್ತೆ ಕೇಳುತ್ತೇವೆ. ನಿವೃತ್ತಿ ಪರಿಹಾರ ಕಳೆದ ವರ್ಷವೂ ಸ್ವಲ್ಪ ಇತ್ತು. ಅದನ್ನು ಒಮ್ಮೆ ಮಾತ್ರ ಬರುವ ವೆಚ್ಚವೆನ್ನಬಹುದೇ ಎಂಬುದರಲ್ಲಿ ನಮ್ಮ ಪಾಲುದಾರರಲ್ಲೇ ಒಮ್ಮತವಿಲ್ಲ.

ಹಳೆಯ_ವೌಚರ್: ಎರಡು ವರ್ಷ ಬಂದಿದ್ದರೆ ನಾನು ಕೂಡಿಸುವುದಿಲ್ಲ.

ಲೆಡ್ಜರ್_ಮೈಸೂರು: ಕಳೆದ ವರ್ಷದ ಮೊತ್ತ ಸಣ್ಣದಿದ್ದರೆ ನಾನು ಕೂಡಿಸುತ್ತೇನೆ. ಯಾವ ನಿರ್ಧಾರವಾದರೂ ಕಾರಣವನ್ನು ಫೈಲಿನಲ್ಲಿ ಬರೆದಿಡಿ.