ಡೌನ್‌ಲೋಡ್ 300 ಬರುತ್ತಿದೆ, ಅಪ್‌ಲೋಡ್ ಒಂದನ್ನೂ ಮುಟ್ಟುತ್ತಿಲ್ಲ: ಕೇಬಲ್ ಬ್ರಾಡ್‌ಬ್ಯಾಂಡ್

ದೂರದೂರು:
ನಾನಿರುವುದು ನ್ಯೂಜೆರ್ಸಿಯಲ್ಲಿ. ಮನೆಗೆ ಕೇಬಲ್ ಇಂಟರ್ನೆಟ್ ಇದೆ. ಪ್ಲಾನ್ ಪ್ರಕಾರ ಡೌನ್‌ಲೋಡ್ 300 ಎಂಬಿಪಿಎಸ್, ಅಪ್‌ಲೋಡ್ 10. ಕೆಲವು ದಿನಗಳಿಂದ ವೇಗ ಪರೀಕ್ಷೆ ಮಾಡಿದರೆ ಡೌನ್‌ಲೋಡ್ 290ರ ಆಸುಪಾಸು ಬರುತ್ತದೆ, ಅಪ್‌ಲೋಡ್ ಮಾತ್ರ 0.8. ದಾವಣಗೆರೆಯಲ್ಲಿರುವ ಅಪ್ಪ ಅಮ್ಮನಿಗೆ ವಿಡಿಯೊ ಕರೆ ಮಾಡಿದರೆ ಅವರು ನನಗೆ ಸ್ಪಷ್ಟವಾಗಿ ಕಾಣುತ್ತಾರೆ. ಅವರ ಕಡೆ ನನ್ನ ಮುಖ ನಿಂತುಬಿಡುತ್ತದೆ, ಮಾತು ತುಂಡಾಗುತ್ತದೆ. ಮೋಡೆಮ್ ಆರಿಸಿ ಹಚ್ಚಿದರೆ ಒಂದೆರಡು ನಿಮಿಷ ಸರಿಹೋಗುತ್ತದೆ, ಮತ್ತೆ ಅದೇ ಕಥೆ. ಕಂಪನಿಯವರು ಅವರ ಕಡೆ ಎಲ್ಲ ಸರಿ ಇದೆ ಎನ್ನುತ್ತಾರೆ.

ಕಾಫಿತೋಟ:
ವೈಫೈ ತೊಂದರೆ ಇರಬೇಕು. ನಮ್ಮ ಮೂಡಿಗೆರೆ ಮನೆಯಲ್ಲೂ ಹೀಗೇ ಆಗಿತ್ತು. ಗೋಡೆ ದಪ್ಪ, ರೂಟರ್ ದೂರ. 2.4 ಗಿಗಾಹರ್ಟ್ಸ್‌ಗೆ ಬದಲಾಯಿಸಿದ ಮೇಲೆ ಸರಿಯಾಯಿತು.

ತಂತಿಮನೆ:
ವೈಫೈ ಅಲ್ಲ ಎಂದೇ ನನ್ನ ಅನುಮಾನ, ಆದರೆ ಅನುಮಾನದ ಮೇಲೆ ನಡೆಯುವುದು ಬೇಡ. ಎರಡು ಕಿಟಕಿ ತೆರೆದು ಈ ಎರಡನ್ನೂ ಒಟ್ಟಿಗೆ ಓಡಲು ಬಿಡಿ. ವಿಂಡೋಸ್ ಆದರೆ ಕೊನೆಗೆ `-t` ಸೇರಿಸಿ.

```
ping 192.168.1.1
ping 1.1.1.1
```

ಮೊದಲನೆಯದು ನಿಮ್ಮ ರೂಟರ್‌ವರೆಗೆ ಹೋಗಿಬರಲು ಹಿಡಿಯುವ ಹೊತ್ತು ತೋರಿಸುತ್ತದೆ, ಎರಡನೆಯದು ಮನೆಯಾಚೆಯದು. ಜೊತೆಗೆ ಇನ್ನೊಂದು ಪ್ರಶ್ನೆ: ಈ ತೊಂದರೆ ಶುರುವಾದ ಹೊತ್ತಿನಲ್ಲಿ ಮನೆಯಲ್ಲಿ ಹೊಸದಾಗಿ ಯಾವುದಾದರೂ ಬ್ಯಾಕಪ್ ಹಾಕಿದ್ದೀರಾ?

ದೂರದೂರು:
ಹಾಕಿದ್ದೇವೆ. ಹಳೆಯ ಫೋಟೊ ಮತ್ತು ಮದುವೆ ವಿಡಿಯೊಗಳನ್ನೆಲ್ಲ ಕ್ಲೌಡ್‌ಗೆ ಏರಿಸುತ್ತಿದ್ದೇವೆ, ಸುಮಾರು 400 ಜಿಬಿ. ಆದರೆ ಅದು ಹಿನ್ನೆಲೆಯಲ್ಲಿ ತನ್ನ ಪಾಡಿಗೆ ನಡೆಯುತ್ತಿದೆ ಎಂದುಕೊಂಡಿದ್ದೆ. ರೂಟರ್‌ಗೆ ಪಿಂಗ್ 2 ಮಿಲಿಸೆಕೆಂಡ್. ಹೊರಗಿನದು ಹೀಗಿದೆ:

```
64 bytes from 1.1.1.1: icmp_seq=41 ttl=57 time=938 ms
64 bytes from 1.1.1.1: icmp_seq=42 ttl=57 time=921 ms
```

ಬ್ಯಾಕಪ್ ನಿಲ್ಲಿಸಿದ ಕೂಡಲೇ 14ಕ್ಕೆ ಇಳಿಯಿತು, ಅಪ್‌ಲೋಡ್ ಪರೀಕ್ಷೆಯೂ 9.8 ತೋರಿಸಿತು. ಕಾರಣ ಅದೇ ಎಂದು ಗೊತ್ತಾಯಿತು. ಆದರೆ 10 ಎಂಬಿಪಿಎಸ್ ತುಂಬಿದ್ದರೆ ನಿಧಾನವಾಗಬೇಕು, ಒಂದು ಸೆಕೆಂಡ್ ತಡ ಏಕೆ?

ತಂತಿಮನೆ:
ಸರಿಯಾದ ಪ್ರಶ್ನೆ. ರೂಟರ್‌ವರೆಗೆ 2 ಇರುವುದರಿಂದ ವೈಫೈಯನ್ನು ಬಿಟ್ಟುಬಿಡೋಣ. ತಡವಾಗುತ್ತಿರುವುದು ಮೋಡೆಮ್‌ನಲ್ಲಿ. ರೂಟರ್‌ನಿಂದ ಮೋಡೆಮ್‌ಗೆ ಗಿಗಾಬಿಟ್ ವೇಗದಲ್ಲಿ ಡೇಟಾ ಬರುತ್ತದೆ, ಅಲ್ಲಿಂದ ಆಚೆ ಹೋಗುವುದು 10ರಲ್ಲಿ. ಹೋಗಲಾರದ ಪ್ಯಾಕೆಟ್‌ಗಳೆಲ್ಲ ಮೋಡೆಮ್‌ನ ಬಫರ್‌ನಲ್ಲಿ ಕ್ಯೂ ನಿಲ್ಲುತ್ತವೆ. ಕಳುಹಿಸುವ ಕಡೆ ಡೇಟಾದ ಹರಿವನ್ನು ನಿಯಂತ್ರಿಸುವ ಟಿಸಿಪಿ ತನ್ನ ವೇಗ ತಗ್ಗಿಸುವುದು ಸಾಮಾನ್ಯವಾಗಿ ಪ್ಯಾಕೆಟ್ ಕಳೆದುಹೋದಾಗ. ಬಫರ್ ದೊಡ್ಡದಿದ್ದರೆ ಅದು ಭರ್ತಿಯಾಗುವವರೆಗೆ ಏನೂ ಕಳೆದುಹೋಗುವುದಿಲ್ಲ, ಹಾಗಾಗಿ ಬ್ಯಾಕಪ್ ತುಂಬುತ್ತಲೇ ಇರುತ್ತದೆ.

ನಿಮ್ಮ ಅಂಕಿಯಿಂದಲೇ ಲೆಕ್ಕ ಹಾಕಿ. 938ರಲ್ಲಿ ಸಹಜವಾದ 14 ಕಳೆದರೆ 924 ಮಿಲಿಸೆಕೆಂಡ್ ಕಾಯುವಿಕೆ. ಸೆಕೆಂಡಿಗೆ 10 ಮೆಗಾಬಿಟ್ ಹೊರಹೋಗುವಲ್ಲಿ ಅಷ್ಟು ಹೊತ್ತೆಂದರೆ ಒಂದು ಮೆಗಾಬೈಟ್‌ಗಿಂತ ತುಸು ಹೆಚ್ಚು ಡೇಟಾ ಸಾಲಿನಲ್ಲಿ ನಿಂತಿದೆ ಎಂದರ್ಥ. ನಿಮ್ಮ ಧ್ವನಿಯ ಪುಟ್ಟ ಪ್ಯಾಕೆಟ್ ಬಂದರೂ ಆ ಒಂದು ಮೆಗಾಬೈಟ್ ಫೋಟೊಗಳ ಹಿಂದೆಯೇ ನಿಲ್ಲಬೇಕು. ಬ್ಯಾಕಪ್ ಹಲವು ಸಂಪರ್ಕಗಳನ್ನು ಒಟ್ಟಿಗೆ ತೆರೆದಿರುವುದರಿಂದ ವೇಗ ಪರೀಕ್ಷೆಗೆ ಸಿಕ್ಕ ಪಾಲು 0.8. ಮೋಡೆಮ್ ಆರಿಸಿದಾಗ ಕ್ಯೂ ಖಾಲಿಯಾಗುತ್ತದೆ, ಬ್ಯಾಕಪ್ ಮತ್ತೆ ಜೋಡಿಕೊಳ್ಳುವವರೆಗೆ ಎಲ್ಲ ಸರಿ ಕಾಣುತ್ತದೆ. ಅನೇಕರು ಈ ಒಂದೆರಡು ನಿಮಿಷ ನೋಡಿಯೇ ಮೋಡೆಮ್ ಕೆಟ್ಟಿದೆ ಎಂದುಕೊಂಡು ಹೊಸದನ್ನು ಕೊಳ್ಳುತ್ತಾರೆ. ನನಗೆ ಬೇಸರ ತರುವುದು ಅದು.

ಕಾಫಿತೋಟ:
ಹಾಗಾದರೆ ಹೆಚ್ಚು ಅಪ್‌ಲೋಡ್ ಇರುವ ಪ್ಲಾನ್ ತೆಗೆದುಕೊಂಡರೆ ಮುಗಿಯಿತಲ್ಲ?

ತಂತಿಮನೆ:
ಅರ್ಧ ಸರಿ. 35 ಎಂಬಿಪಿಎಸ್ ಪ್ಲಾನ್ ಆದರೆ ಅಷ್ಟೇ ಡೇಟಾ ಸುಮಾರು 265 ಮಿಲಿಸೆಕೆಂಡಿನಲ್ಲಿ ಖಾಲಿಯಾಗುತ್ತದೆ, ಬ್ಯಾಕಪ್ಪೂ ಬೇಗ ಮುಗಿಯುತ್ತದೆ. ಆದರೆ ಅದು ಓಡುವಷ್ಟು ಹೊತ್ತೂ ಕ್ಯೂ ತುಂಬಿಯೇ ಇರುತ್ತದೆ. ಕರೆಗೆ 265 ಕೂಡ ಹಿತವಲ್ಲ.

ದೂರದೂರು ಅವರೇ, ಮೊದಲು ಬ್ಯಾಕಪ್ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಅಪ್‌ಲೋಡ್ ಮಿತಿ ಹುಡುಕಿ, 6 ಎಂಬಿಪಿಎಸ್ ಇಡಿ. ಕೆಲವು ತಂತ್ರಾಂಶಗಳು ಕಿಲೋಬೈಟ್‌ನಲ್ಲಿ ಕೇಳುತ್ತವೆ, ಆಗ 750. ಆ ವೇಗದಲ್ಲಿ 400 ಜಿಬಿಗೆ ಆರು ದಿನಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಪೂರ್ಣ 10 ಸಿಕ್ಕಿದ್ದರೂ ನಾಲ್ಕು ದಿನದ ಹತ್ತಿರ ಆಗುತ್ತಿತ್ತು.

ದೂರದೂರು:
ಇಟ್ಟೆ. ಪಿಂಗ್ 20ರ ಒಳಗಿದೆ. ಆದರೆ ಸಂಜೆ ಮನೆಯವರ ಫೋನುಗಳು ವೈಫೈಗೆ ಸೇರಿ ತಮ್ಮ ಫೋಟೊ ಏರಿಸಲು ಶುರುಮಾಡಿದಾಗ ಮತ್ತೆ 700 ದಾಟಿತು.

ತಂತಿಮನೆ:
ಒಂದು ಕಂಪ್ಯೂಟರಿನ ಮಿತಿ ಉಳಿದ ಸಾಧನಗಳಿಗೆ ಗೊತ್ತಾಗುವುದಿಲ್ಲ. ಕಾಯುವ ಸಾಲು ಮೋಡೆಮ್‌ನಲ್ಲಿ ಬೆಳೆಯದಂತೆ ಅದನ್ನು ರೂಟರ್‌ಗೇ ತರಬೇಕು, ಏಕೆಂದರೆ ನಿಮ್ಮ ಕೈಗೆ ಸಿಗುವುದು ರೂಟರ್ ಮಾತ್ರ. ನಿಮ್ಮ ರೂಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶ ಇದ್ದರೆ ಸಾಲು ನಿಭಾಯಿಸುವ ಎಸ್‌ಕ್ಯೂಎಂ ಪೊಟ್ಟಣ ಹಾಕಿ, ಅಪ್‌ಲೋಡ್ 9 ಎಂಬಿಪಿಎಸ್ ಕೊಟ್ಟು ಅದರಲ್ಲಿ `cake` ಎಂಬ ವಿಧಾನವನ್ನು ಆಯ್ಕೆ ಮಾಡಿ. ನೇರವಾಗಿ ಪರೀಕ್ಷಿಸುವುದಾದರೆ:

```
tc qdisc replace dev eth1 root cake bandwidth 9mbit docsis nat ack-filter
```

`eth1` ಜಾಗದಲ್ಲಿ ಮೋಡೆಮ್ ಕಡೆಗಿನ ಪೋರ್ಟಿನ ಹೆಸರು ಬರಬೇಕು. ಮೋಡೆಮ್ ಕಳುಹಿಸಬಲ್ಲ ವೇಗಕ್ಕಿಂತ ತುಸು ಕಡಿಮೆ ಇಟ್ಟರೆ ಮಾತ್ರ ಕ್ಯೂ ರೂಟರ್‌ನಲ್ಲಿ ನಿಲ್ಲುತ್ತದೆ, ಪೂರ್ತಿ 10 ಕೊಟ್ಟರೆ ಮತ್ತೆ ಮೋಡೆಮ್‌ಗೇ ಹೋಗುತ್ತದೆ. ಅಲ್ಲಿಂದ ಮುಂದೆ ಕೇಕ್ ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಮಾಡಿ ಸರದಿ ಪ್ರಕಾರ ಬಿಡುತ್ತದೆ. ಕರೆಯ ಪ್ಯಾಕೆಟ್ ಫೋಟೊಗಳ ಹಿಂದೆ ಕಾಯಬೇಕಿಲ್ಲ. ಡೌನ್‌ಲೋಡ್ ಕಡೆಗೆ ಸದ್ಯ ಮಿತಿ ಹಾಕಬೇಡಿ. 300 ಎಂಬಿಪಿಎಸ್ ಅನ್ನು ಹೀಗೆ ನಿಭಾಯಿಸಲು ಹಳೆಯ ರೂಟರ್‌ಗಳ ಪ್ರೊಸೆಸರ್ ಸಾಲದು, ಇರುವ ವೇಗವೂ ಇಳಿಯುತ್ತದೆ.

ಸಾಗರದವಳು:
ನಾನು ಇದೇ ಕೇಕ್ ಹಾಕಿದ್ದೇನೆ, ಒಂದಿಷ್ಟೂ ವ್ಯತ್ಯಾಸವಾಗಲಿಲ್ಲ. ನಮ್ಮದು ಫೈಬರ್, ಎರಡೂ ಕಡೆ 50.

ತಂತಿಮನೆ:
ಫೈರ್‌ವಾಲ್ ಪುಟದಲ್ಲಿ ಹಾರ್ಡ್‌ವೇರ್ ಫ್ಲೋ ಆಫ್‌ಲೋಡಿಂಗ್ ಆನ್ ಆಗಿದೆಯೇ ನೋಡಿ ಮೇಡಂ. ಅದು ಆನ್ ಇದ್ದರೆ ಪ್ಯಾಕೆಟ್‌ಗಳು ಕೇಕ್‌ಗೆ ಕಾಣದೆ ಚಿಪ್‌ನೊಳಗಿಂದಲೇ ದಾಟಿಹೋಗುತ್ತವೆ. `tc -s qdisc` ಕೊಟ್ಟಾಗ ಬೈಟ್ ಎಣಿಕೆ ಏರದಿದ್ದರೆ ಕಾರಣ ಅದೇ. ಇನ್ನೊಂದು, ಫೈಬರ್‌ಗೆ `docsis` ಪದ ಬೇಡ, ಅದು ಕೇಬಲ್‌ಗೆ.

ಸಾಗರದವಳು:
ಆನ್ ಇತ್ತು. ಆರಿಸಿದೆ, ಎಣಿಕೆ ಏರುತ್ತಿದೆ. ಪಿಂಗ್ ರಾತ್ರಿ ನೋಡಿ ಹೇಳುತ್ತೇನೆ.

ದೂರದೂರು:
ಕೇಕ್ 9ಕ್ಕೆ ಇಟ್ಟು ಬ್ಯಾಕಪ್ ಮಿತಿ ತೆಗೆದೆ. ಎಲ್ಲ ಒಟ್ಟಿಗೆ ಓಡುವಾಗಲೂ ಪಿಂಗ್ 22ರಿಂದ 28. ಅಮ್ಮನ ಜೊತೆ ಮಾತಾಡಿದೆ, ಎಲ್ಲೂ ನಿಲ್ಲಲಿಲ್ಲ. ಒಂದೇ ಒಂದು ಉಳಿದಿದೆ: ರಾತ್ರಿ ಎಂಟರಿಂದ ಹತ್ತರವರೆಗೆ 150, 200 ಆಗುತ್ತಿದೆ.

ತಂತಿಮನೆ:
`192.168.100.1` ತೆರೆದರೆ ಹೆಚ್ಚಿನ ಕೇಬಲ್ ಮೋಡೆಮ್‌ಗಳ ಪುಟ ಸಿಗುತ್ತದೆ. ಅಪ್‌ಸ್ಟ್ರೀಮ್ ಪವರ್ ಎಷ್ಟಿದೆ? ಕಂಪನಿಯ ಕಡೆಯಿಂದ ಮೋಡೆಮ್‌ಗೆ ಉತ್ತರ ಬಾರದಾಗ ಲಾಗ್‌ನಲ್ಲಿ ದಾಖಲಾಗುವ ಟಿ3 ಟೈಮ್‌ಔಟ್ ಸಾಲುಗಳಿವೆಯೇ?

ದೂರದೂರು:
ಪವರ್ 43 ಡಿಬಿಎಂವಿ. ಟಿ3 ಒಂದೂ ಇಲ್ಲ.

ತಂತಿಮನೆ:
ಹಾಗಾದರೆ ಸಿಗ್ನಲ್ ಚೆನ್ನಾಗಿದೆ. ಕೇಬಲ್‌ನಲ್ಲಿ ಅಪ್‌ಲೋಡ್ ದಾರಿಯನ್ನು ಅಕ್ಕಪಕ್ಕದ ಮನೆಗಳೆಲ್ಲ ಹಂಚಿಕೊಳ್ಳುತ್ತವೆ. ಆ ಹೊತ್ತಿಗೆ ನಿಮಗೆ 9 ಸಿಗದೆ 6 ಅಥವಾ 7 ಸಿಗುತ್ತಿರಬಹುದು. ಆಗ ಕ್ಯೂ ಪುನಃ ಮೋಡೆಮ್ ಸೇರುತ್ತದೆ. ಎಂಟು ಗಂಟೆಯ ಮೇಲೆ ಬ್ಯಾಕಪ್, ಫೋನು ಎಲ್ಲ ನಿಲ್ಲಿಸಿ, ಕೇಕ್ ಕೂಡ ತೆಗೆದು ಅಪ್‌ಲೋಡ್ ಪರೀಕ್ಷೆ ಮಾಡಿ. ಬಂದ ಅಂಕಿಯ ಶೇಕಡಾ 85ಕ್ಕೆ ಮಿತಿ ಇಳಿಸಿ ನೋಡಿ. ದಿನವಿಡೀ ಏರಿಳಿದರೆ `cake-autorate` ಎಂಬ ಸ್ಕ್ರಿಪ್ಟ್ ಇದೆ, ತಡವಾಗುವುದನ್ನು ಅಳೆದು ಮಿತಿಯನ್ನು ತಾನೇ ಬದಲಿಸುತ್ತದೆ. ಯಾರೂ ಬಳಸದಿರುವಾಗಲೂ ಪಿಂಗ್ 150 ಇದ್ದರೆ ಮಾತ್ರ ನಿಮ್ಮ ಮನೆಯಲ್ಲಿ ಮಾಡುವುದೇನೂ ಇಲ್ಲ, ಆ ಅಂಕಿಗಳನ್ನು ಗಂಟೆ ಸಮೇತ ಬರೆದಿಟ್ಟು ಕಂಪನಿಗೆ ಕಳುಹಿಸಿ.

ದೂರದೂರು:
ಇಂದು ರಾತ್ರಿ ಎಲ್ಲವನ್ನೂ ನಿಲ್ಲಿಸಿ ಅಳೆಯುತ್ತೇನೆ. ಅಂಕಿಗಳನ್ನು ಇಲ್ಲೇ ಹಾಕುತ್ತೇನೆ.