ಸಮಸ್ಯೆ: ಅವನೂ "ಕೊಡೆ ಕೊಡೆ", ಅವಳೂ "ಕೊಡೆ ಕೊಡೆ"

ನಾಗರಾಜ: ಈ ಸಲ ಹಾಸ್ಯದ ಸಿನಿಮಾ ಹಾಡಿನ ಧಾಟಿ. ಕೊನೆಯ ಸಾಲು ಮೇಲಿದೆ, ನಾಲ್ಕು ಮಾತ್ರೆಯ ನಾಲ್ಕು ಗಣ. ಮೊದಲಿನ ಮೂರು ಸಾಲು ನಿಮ್ಮದು. ಇಬ್ಬರೂ ಆಡುವುದು ಒಂದೇ ಮಾತು, ಆದರೂ ಜಗಳ ಆಗಬೇಕು.

ಪ್ರಸನ್ನ: ಸುಲಭ ಅಲ್ವಾ ಸರ್? ಪ್ರಾಸ ಜಾಸ್ತಿ ಆದಷ್ಟೂ ನಗು ಜಾಸ್ತಿ.

ಆ ಕಡೆ ಈ ಕಡೆ ಎಲ್ಲಾ ಕಡೆ ತಡೆ
ಜಡೆ ಹಿಡಿ ನಡೆ ನಡೆ ಬಿಡೆ ಬಿಡೆ ತಡೆ ತಡೆ

ಮೂರನೆಯದು ಆಮೇಲೆ ಹಾಕ್ತೀನಿ.

ಸುಮಿತ್ರಾ: ಕುಣಿತ ಚೆನ್ನಾಗಿದೆ ಪ್ರಸನ್ನ. ಆದರೆ ಎಲ್ಲೆಲ್ಲೂ "ಡೆ" ತುಂಬಿದರೆ ಕೊನೆಯ "ಕೊಡೆ" ಬಂದದ್ದೇ ಗೊತ್ತಾಗುವುದಿಲ್ಲ. ನನ್ನದು ನೋಡಿ:

ಸುರಿಯಿತು ಜಡಿಮಳೆ ಕೈಲೊಂದೇ ಕೊಡೆ
"ನೆನೆದರೆ ನೆನೆವೆನು, ನೀ ಮುಂದೇ ನಡೆ"
ಗುಡುಗಿದ ಕೂಡಲೆ ಪ್ರೇಮವು ಗಡಗಡ
ಅವನೂ "ಕೊಡೆ ಕೊಡೆ", ಅವಳೂ "ಕೊಡೆ ಕೊಡೆ"

ಇಲ್ಲಿ "ಒಂದೇ ಕೊಡೆ", "ಮುಂದೇ ನಡೆ" ಜೋಡಿ ಪ್ರಾಸ. ಎರಡೆರಡು ಪದ ಒಟ್ಟಿಗೆ ಕೂಡಿಕೊಳ್ಳುತ್ತವೆ. ಕಿವಿಗೆ ಆ ಅಚ್ಚು ಸಿಕ್ಕಿಬಿಟ್ಟರೆ ಕೊನೆಗೂ "ಡೆ" ಬರುತ್ತದೆ ಅಂತ ಕಾಯುತ್ತದೆ. ಮೂರನೇ ಸಾಲಿನಲ್ಲಿ ಬೇಕಂತಲೇ ತಪ್ಪಿಸಿದ್ದೇನೆ. ಕಾದದ್ದು ನಾಲ್ಕನೆಯದರಲ್ಲಿ ಸಿಗುತ್ತದೆ, ಆದರೆ ಅರ್ಥ ಬೇರೆ. ಅವನು ಛತ್ರಿ ಕೊಡು ಅಂತಾನೆ, ಅವಳು ಛತ್ರಿ ಕೊಡುವುದಿಲ್ಲ ಅಂತಾಳೆ. ಮೊದಲ ಸಾಲಿನಲ್ಲೇ "ಕೊಡೆ"ಯನ್ನು ಛತ್ರಿ ಅಂತ ನೆಟ್ಟಿರಬೇಕು. ಇಲ್ಲದಿದ್ದರೆ ಕೇಳುವವನು ಅರ್ಥ ಹುಡುಕುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ.

ರವಿ: ನಾನು ಒಂದು ನಾಟಕಕ್ಕೆ "ಬಾಡಿಗೆ ಬಾಡಿಗೆ ಕಟ್ಟಿ ಸುಸ್ತಾದೆ" ಅಂತ ಬರೆದಿದ್ದೆ, ಈ ದೇಹಕ್ಕೂ ಬಾಡಿಗೆಯೇ ಅನ್ನೋ ಅರ್ಥದಲ್ಲಿ. ಒಬ್ಬರೂ ನಗಲಿಲ್ಲ. ಅಂದಹಾಗೆ, ಸಮಸ್ಯೆಯಲ್ಲಿರೋದು ನೀರಿನ ಕೊಡವಾ?

ನಾಗರಾಜ: ಛತ್ರಿ ಕಣಪ್ಪ ರವಿ. ನಿನ್ನ ಶ್ಲೇಷೆ ಸಾಲಿನ ಶುರುವಿನಲ್ಲೇ ಮುಗಿದುಹೋಗಿದೆ. ಆಮೇಲೆ "ಕಟ್ಟಿ ಸುಸ್ತಾದೆ" ಅಂತ ಎಳೆದರೆ ನಗುವುದಕ್ಕೆ ಜಾಗವೆಲ್ಲಿ? "ಬಾಡಿಗೆ" ಕೊನೆಗೆ ಬರಲಿ, ಅದರ ಹಿಂದಿನ ಸಾಲು "ಜೋಡಿಗೆ" ಅಂತ ಮುಗಿಯಲಿ. ನಂತರ ವಾದ್ಯ ಅರೆಕ್ಷಣ ನಿಲ್ಲಬೇಕು.

ಸುಮಿತ್ರಾ ಮೇಡಂ, ನಿಮ್ಮದರಲ್ಲಿ ನನಗೊಂದು ತಕರಾರು. ಗೆಳತಿಯನ್ನು ಬೇಡುವಾಗ "ಕೊಡೇ" ಅಂತ ಎಳೆಯುತ್ತೇವೆ, "ಕೊಡೆನು" ಅನ್ನೋ ಅರ್ಥದ "ಕೊಡೆ" ಗಿಡ್ಡ. ಹಾಳೆಯ ಮೇಲೆ ಎರಡೂ ಒಂದೇ ಅಲ್ಲ.

ಸುಮಿತ್ರಾ: ಹಾಡಿನಲ್ಲಿ ಎಳೆತ ರಾಗದ ಕೈಯಲ್ಲಿದೆ ಸರ್. ಟ್ಯೂನ್ ಎರಡಕ್ಕೂ ಒಂದೇ ಅಳತೆ ಕೊಟ್ಟರೆ ವ್ಯತ್ಯಾಸ ಮುಚ್ಚಿಹೋಗುತ್ತದೆ. ಅವನ ದನಿಯಲ್ಲಿ ಗೋಗರೆತ, ಅವಳದರಲ್ಲಿ ಸಿಡುಕು ಇದ್ದರೆ ಸಾಕು.

ನಾಗರಾಜ: ಅದು ಗಾಯಕರ ಗೆಲುವು, ಕವಿಯದಲ್ಲ.

ಪ್ರಸನ್ನ: ತಡೀರಿ, "ನೆನೆದರೆ ನೆನೆವೆನು"! ಒದ್ದೆಯಾದರೆ ನಿನ್ನ ನೆನಪು ಮಾಡಿಕೊಳ್ತೀನಿ ಅಂತಾನಾ? ಬೇಕಂತ ಇಟ್ಟಿದ್ದಾ ಅಕ್ಕ?

ಸುಮಿತ್ರಾ: ಇಟ್ಟಿದ್ದೇ. ಆದರೆ ಅದು ಓದುವವರಿಗೆ. ಹಾಡಿನಲ್ಲಿ ಯಾರಿಗೂ ಕೇಳಿಸಲ್ಲ. ನಿಮ್ಮ ಮೂರನೇ ಸಾಲು ಎಲ್ಲಿ?